ಬಿಲ್ಲಿನಲ್ಲಿ 60 ಮೀಟರ್, ರೋಲಿನಲ್ಲಿ ಅಷ್ಟಿಲ್ಲ: ಹೋಲ್‌ಸೇಲ್‌ನವರಿಗೆ ಪತ್ರ ಬರೆಯಬೇಕು, ನೋಡಿ ಹೇಳಿ

ಹಾಸನ_ಹೊಲಿಗೆ

ಎಲ್ಲರಿಗೂ ನಮಸ್ಕಾರ. ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ನಾನು, ನಮ್ಮ ಯಜಮಾನರು, ಜೊತೆಗೆ ಕಾಜಾ ಗುಂಡಿಗೆ ಒಬ್ಬ ಹುಡುಗ. ಸ್ಕೂಲ್ ಶುರುವಾಗುವ ಹೊತ್ತಿಗೆ ಯೂನಿಫಾರಂ ಕೆಲಸವೇ ನಮಗೆ ಮುಖ್ಯ. ಈ ಸಲ ಪ್ಯಾಂಟಿಗೆ ಅಂತ ನೇವಿ ಬ್ಲೂ ಬಟ್ಟೆ, ಪಾಲಿಯೆಸ್ಟರ್ ವಿಸ್ಕೋಸ್, 58 ಇಂಚು ಪನ್ನ, ಬೆಂಗಳೂರು ಚಿಕ್ಕಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಿಂದ ಎರಡು ರೋಲ್ ತರಿಸಿದೆವು. ಬಿಲ್ಲಿನಲ್ಲಿ ಒಂದೊಂದು ರೋಲ್ 60 ಮೀಟರ್, ಮೀಟರಿಗೆ 180 ರೂಪಾಯಿ. ಎರಡು ರೋಲಿಗೆ 21,600, ಅದರ ಮೇಲೆ 5% ಜಿಎಸ್‌ಟಿ ಸೇರಿ 22,680. ಅದರಲ್ಲಿ 12,000 ಮೊದಲೇ ಕೊಟ್ಟಿದ್ದೇವೆ, 10,680 ಬಾಕಿ.

ಮೊದಲ ರೋಲ್ ಪೂರ್ತಿ ಕಟಿಂಗ್ ಆಯಿತು. ದೊಡ್ಡ ಕ್ಲಾಸಿನ ಮಕ್ಕಳ ಪ್ಯಾಂಟು, ಒಂದಕ್ಕೆ 1.20 ಮೀಟರ್ ಲೆಕ್ಕ. 50 ಪ್ಯಾಂಟು ಆಗಬೇಕಿತ್ತು. 47ಕ್ಕೆ ಬಟ್ಟೆ ಮುಗೀತು, ಕೊನೆಯಲ್ಲಿ ಉಳಿದ ತುಂಡು ಒಂದು ಮೀಟರ್ ಕೂಡ ಇಲ್ಲ. ಅವರಿಗೆ ಫೋನ್ ಮಾಡಿದರೆ «ನಿಮ್ಮ ಕಟಿಂಗಲ್ಲಿ ವೇಸ್ಟ್ ಆಗಿರುತ್ತೆ ಮೇಡಂ, ಮಿಲ್ ಪ್ಯಾಕ್ ಮಾಲು, ನಾವು ಮುಟ್ಟೋದೇ ಇಲ್ಲ» ಅಂತಾರೆ. ಬಾಕಿಗೆ ಮಾತ್ರ ದಿನಾ ಫೋನ್. ಮಗುವಿನ ಅಳತೆ ತಗೊಂಡು ಅಡ್ವಾನ್ಸ್ ಇಸ್ಕೊಂಡ ಮೇಲೆ ತಾಯಂದಿರಿಗೆ «ಬಟ್ಟೆ ಸಾಲಲಿಲ್ಲ» ಅಂತ ಹೇಳೋದು ಎಷ್ಟು ಕಷ್ಟ ಅಂತ ಇಲ್ಲಿರುವ ಟೈಲರ್‌ಗಳಿಗೆ ಗೊತ್ತು. ಅದೇ ಶೇಡ್ ಬೇರೆ ಕಡೆ ಸಿಗೋದೂ ಇಲ್ಲ.

ಪತ್ರ ಹೀಗೆ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ:

«ನೀವು ಕಳಿಸಿದ ರೋಲಿನಲ್ಲಿ ಬಟ್ಟೆ ಕಡಿಮೆ ಇದೆ. 50 ಪ್ಯಾಂಟ್ ಆಗಬೇಕಾದ ಬಟ್ಟೆಯಲ್ಲಿ 47 ಮಾತ್ರ ಆಗಿದೆ. ನೀವು ಹಳ್ಳಿ ಕಡೆ ಟೈಲರ್‌ಗಳು ಅಂತ ಮೋಸ ಮಾಡಿದ್ದೀರಿ. ನಮಗೆ ತುಂಬಾ ನಷ್ಟ ಆಗಿದೆ. ತಕ್ಷಣ ಸರಿ ಮಾಡಿ ಕೊಡಿ, ಇಲ್ಲ ಅಂದರೆ ಬಾಕಿ ಹಣ ಕೊಡುವುದಿಲ್ಲ.»

ಏನಾದರೂ ಬದಲಾಯಿಸಬೇಕಾ? ಎರಡನೇ ರೋಲ್ ಇನ್ನೂ ಬಿಚ್ಚಿಲ್ಲ.

ಬೇಲೂರು_ಬ್ಲೌಸ್

ಅಕ್ಕ, ನನಗೂ ಹೀಗೇ ಆಗಿತ್ತು. ಕಾಟನ್ ಬ್ಲೌಸ್ ಪೀಸ್ ನೀರಿಗೆ ಹಾಕಿ ತೆಗೆದರೆ ಉದ್ದ ಪನ್ನ ಎರಡೂ ಕಮ್ಮಿ. ನೀವು ಹೊಲಿಯೋ ಮುಂಚೆ ನೆನೆಸಿದ್ರಾ? ನೆನೆಸಿ ಒಣಗಿಸಿ ಆಮೇಲೆ ಕಟಿಂಗ್ ಮಾಡಿದರೆ ಪ್ಯಾಂಟು ಚಿಕ್ಕದಾಯ್ತು ಅಂತ ಯಾರೂ ವಾಪಸ್ ತರಲ್ಲ.

ಹಾಸನ_ಹೊಲಿಗೆ

ಇಲ್ಲ ತಂಗಿ, ಇದು ಒಗೆದ ಮೇಲೆ ಚಿಕ್ಕದಾದ ವಿಷಯ ಅಲ್ಲ. ಬಂದ ಹಾಗೇ, ಒಣ ಬಟ್ಟೆಯಲ್ಲೇ ಉದ್ದ ಕಡಿಮೆ.

ಚಿಕ್ಕಮಗಳೂರು_ನೇರನುಡಿ

ಪತ್ರ ಗಿತ್ರ ಬಿಡಿ ಮೇಡಂ. ಕಾನೂನು ಮಾಪನಶಾಸ್ತ್ರ ಇಲಾಖೆ ಅಂತ ಇದೆ, ತೂಕ ಅಳತೆ ನೋಡೋದು ಅವರೇ. 2009ರ ಕಾಯ್ದೆ ಇದೆ, ಬಿಲ್ಲಿಗಿಂತ ಕಡಿಮೆ ಅಳತೆ ಕೊಟ್ಟರೆ ದಂಡ. ಸುಮ್ನೆ ಒಂದು ದೂರು ಬರೆದು ಕೊಡಿ, ಅವರೇ ಓಡಿಬರ್ತಾರೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಇಂಥವರ ಹತ್ತಿರ ಮರ್ಯಾದೆಯಾಗಿ ಮಾತಾಡ್ತಾ ಕೂತರೆ ಕೆಲಸ ಆಗಲ್ಲ.

ಗೋಡೌನ್_ಹಳಬ

ನಾನು ಚಿಕ್ಕಪೇಟೆಯ ಬಟ್ಟೆ ಗೋಡೌನಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು, ಈಗ ಚನ್ನರಾಯಪಟ್ಟಣದಲ್ಲಿ ಇದ್ದೇನೆ. ಅಮ್ಮ, ದಯವಿಟ್ಟು ಈ ಪತ್ರ ಕಳಿಸಬೇಡಿ. ನಿಮ್ಮ ಮಾತು ಸುಳ್ಳು ಅಂತ ಅಲ್ಲ, ನಿಮ್ಮ ಮಾತು ನಿಜವೇ ಇರಬಹುದು. ಆದರೆ ಪ್ಯಾಂಟಿನ ಲೆಕ್ಕ ಕೊಟ್ಟರೆ ಅವರಿಗೆ ಉತ್ತರ ರೆಡಿ ಇದೆ, ಫೋನಲ್ಲಿ ಆಗಲೇ ಹೇಳಿದ್ದಾರಲ್ಲ, ವೇಸ್ಟ್ ಅಂತ. ಒಂದು ಪ್ಯಾಂಟಿಗೆ 1.20 ಹಿಡಿಯುತ್ತಾ 1.28 ಹಿಡಿಯುತ್ತಾ ಅನ್ನೋದು ಕತ್ತರಿ ಹಿಡಿದವರಿಗೆ ಮಾತ್ರ ಗೊತ್ತು, ಅದನ್ನು ಅವರಿಗೆ ತೋರಿಸೋಕೆ ಆಗಲ್ಲ. ನಿಮ್ಮ ಕೈಯಲ್ಲಿರುವ ನಿಜವಾದ ಸಾಕ್ಷಿ ಎರಡನೇ ರೋಲ್. ಅದಕ್ಕೆ ಕತ್ತರಿ ಹಾಕಬೇಡಿ.

ಪ್ಲಾಸ್ಟಿಕ್ ಕವರ್ ಮೇಲೆ ಅಥವಾ ಪೈಪಿನ ಒಳಗೆ ಒಂದು ಚೀಟಿ ಇರುತ್ತೆ. ಕ್ವಾಲಿಟಿ ಹೆಸರು, ಶೇಡ್ ನಂಬರ್, ಲಾಟ್ ನಂಬರ್, ಮೀಟರ್. ಮೊದಲು ಅದರ ಫೋಟೋ ಹಾಕಿ. ಹರಿಯಬೇಡಿ. ಬಟ್ಟೆಯ ಅಂಚಿನಲ್ಲಿ ಎಲ್ಲಾದರೂ ದಾರ ಕಟ್ಟಿದ್ದಾರಾ, ಸಣ್ಣ ಸ್ಟಿಕ್ಕರ್ ಇದೆಯಾ ಅದನ್ನೂ ನೋಡಿ. ನೇಯ್ಗೆಯಲ್ಲಿ ಡ್ಯಾಮೇಜ್ ಇರುವ ಕಡೆ ಅದನ್ನು ಹಾಕ್ತಾರೆ, ಕೆಲವರು ಅಷ್ಟು ಬಟ್ಟೆಯನ್ನು ಲೆಕ್ಕದಿಂದ ಬಿಟ್ಟು ಬಿಲ್ ಮಾಡ್ತಾರೆ.

ಸಕಲೇಶಪುರ_ಸೂಜಿ

ರೋಲ್ ಬಿಚ್ಚೋದೇ ಬೇಡ, ತೂಕ ಹಾಕಿ ಸಾಕು. ಚೀಟಿಯಲ್ಲಿ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಅಂತ ಇದ್ದರೆ ಲೆಕ್ಕ ಸುಲಭ. 220 ಜಿಎಸ್‌ಎಂ, 58 ಇಂಚು ಪನ್ನ ಅಂದರೆ ಮೀಟರಿಗೆ ಸುಮಾರು 324 ಗ್ರಾಂ. 60 ಮೀಟರಿಗೆ ಹತ್ತಿರ ಹತ್ತಿರ 19 ಕೆಜಿ 400 ಗ್ರಾಂ ಬರಬೇಕು. ಪೈಪಿನ ತೂಕ ಕಳೆಯಿರಿ, ಎಷ್ಟು ಕಮ್ಮಿ ಅಂತ ಗೊತ್ತಾಗುತ್ತೆ. ನಾನು ಟೀ ಶರ್ಟ್ ಬಟ್ಟೆ ಹೀಗೇ ಚೆಕ್ ಮಾಡೋದು.

ಗೋಡೌನ್_ಹಳಬ

ತಮ್ಮಾ, ಲೆಕ್ಕ ಸರಿ. ಅನುಮಾನ ಇದೆಯಾ ಇಲ್ವಾ ಅಂತ ನೋಡೋಕೆ ಸಾಕು, ಜಗಳಕ್ಕೆ ಸಾಲಲ್ಲ. ಟೀ ಶರ್ಟ್ ಬಟ್ಟೆ ಮಾರೋದೇ ಕೆಜಿ ಲೆಕ್ಕದಲ್ಲಿ, ಅಲ್ಲಿ ತೂಕವೇ ಅಳತೆ. ಇದು ಮೀಟರ್ ಮಾಲು. ಚೀಟಿಯಲ್ಲಿ 220 ಅಂತ ಬರೆದಿದ್ದರೂ ಬಟ್ಟೆ ನೂರಕ್ಕೆ ನಾಲ್ಕೈದು ಆಚೆ ಈಚೆ ಇರೋದು ಮಾಮೂಲು. ಅಮ್ಮ ಹೇಳುವ ಕೊರತೆಯೂ ಅಷ್ಟೇ ಇದೆ. ಅಂದರೆ ತೂಕ ಕಡಿಮೆ ಬಂದರೆ ಉದ್ದ ಕಡಿಮೆಯಾ, ಬಟ್ಟೆ ತೆಳುವಾ ಅಂತ ಹೇಳೋಕೆ ಆಗಲ್ಲ. ವಿಸ್ಕೋಸ್ ಬೇರೆ ತೇವ ಹೀರುತ್ತೆ. ನಿಮ್ಮ ಸಕಲೇಶಪುರದ ಮಳೆಗಾಲದಲ್ಲಿ ಅದೇ ರೋಲ್ ಜಾಸ್ತಿ ತೂಗುತ್ತೆ.

ಮೂಡಿಗೆರೆ_ದರ್ಜಿ

ರೋಲ್ ಸುತ್ತುವಾಗ ಮಷೀನ್ ಬಟ್ಟೆಯನ್ನು ಎಳೆದು ಸುತ್ತುತ್ತೆ, ಬಿಚ್ಚಿದ ಮೇಲೆ ಅದು ತನ್ನಷ್ಟಕ್ಕೆ ಕುಗ್ಗುತ್ತೆ. ಹಾಗಾಗಿ ಸ್ವಲ್ಪ ಕಡಿಮೆ ಬರೋದು ಸಹಜ. ಇದರಲ್ಲಿ ಯಾರ ತಪ್ಪೂ ಇಲ್ಲ. ಇನ್ನೊಂದು, ಅವರು ಗಜದಲ್ಲಿ ಅಳೆದು ಮೀಟರ್ ಅಂತ ಬರೆದಿರಬಹುದು.

ಗೋಡೌನ್_ಹಳಬ

ಕುಗ್ಗೋದು ನಿಜ. ಲೈಕ್ರಾ ಇರುವ ಬಟ್ಟೆ, ಹೊಸೈರಿ ಬಟ್ಟೆ ಚೆನ್ನಾಗೇ ಕುಗ್ಗುತ್ತೆ, ಅದಕ್ಕೇ ಗಾರ್ಮೆಂಟ್ಸ್‌ನಲ್ಲಿ ರೋಲ್ ಬಿಚ್ಚಿ ಒಂದು ದಿನ ಹಾಗೇ ಬಿಟ್ಟು ಆಮೇಲೆ ಕತ್ತರಿಸ್ತಾರೆ. ಇವರದು ಲೈಕ್ರಾ ಇಲ್ಲದ ಮಗ್ಗದ ಬಟ್ಟೆ. 60 ಮೀಟರಿನಲ್ಲಿ ಅರ್ಧ ಮೀಟರ್ ಹೋಗಬಹುದು, ಹೆಚ್ಚೆಂದರೆ ಇನ್ನೊಂದಿಷ್ಟು. ಎರಡು ಮುಕ್ಕಾಲು ಮೀಟರ್ ಹೋಗಲ್ಲ. ಗಜದ ಮಾತೂ ಹೊಂದಲ್ಲ. 60 ಗಜ ಅಂದರೆ 54.86 ಮೀಟರ್. ಅಮ್ಮನ ಲೆಕ್ಕದಲ್ಲಿ 47 ಪ್ಯಾಂಟಿಗೆ 56.40, ಜೊತೆಗೆ ಉಳಿದ ತುಂಡು. ಗಜದಲ್ಲಿ ಅಳೆದಿದ್ದರೆ 45 ಪ್ಯಾಂಟಿಗೇ ಮುಗಿಯಬೇಕಿತ್ತು.

ಹಾಸನ_ಹೊಲಿಗೆ

ಎರಡನೇ ರೋಲಿನ ಕವರ್ ಒಳಗೆ ಚೀಟಿ ಸಿಕ್ಕಿತು. ಲಾಟ್ ನಂಬರ್, ಶೇಡ್ ನಂಬರ್ ಇದೆ. ಮೀಟರ್ ಅಂತ ಇರುವ ಕಡೆ ಪೆನ್ನಲ್ಲಿ «38.40 + 18.90» ಅಂತ ಬರೆದಿದೆ. ಏನಿದು? ಒಂದೇ ರೋಲ್ ಅಲ್ವಾ?

ಗೋಡೌನ್_ಹಳಬ

ಒಂದೇ ರೋಲು, ಒಳಗೆ ಎರಡು ಪೀಸು. ಮಧ್ಯೆ ಡ್ಯಾಮೇಜ್ ಬಂದರೆ ಅಲ್ಲಿ ಕತ್ತರಿಸಿ ತೆಗೆದು, ಉಳಿದ ಎರಡನ್ನು ಒಂದೇ ಪೈಪಿಗೆ ಸುತ್ತುತ್ತಾರೆ. ಅದು ತಪ್ಪಲ್ಲ. ಈಗ ಕೂಡಿಸಿ ನೋಡಿ. 57.30. ಬಿಲ್ 60.

ಅಂದರೆ ಪ್ಯಾಕ್ ಮಾಡಿದವರು ಸರಿಯಾಗೇ ಅಳೆದು ಸರಿಯಾಗೇ ಬರೆದಿದ್ದಾರೆ. ಬಿಲ್ ಮಾಡಿದ ಕಡೆ ಎಡವಟ್ಟಾಗಿದೆ. ನೀವು ಆರ್ಡರ್ ಕೊಟ್ಟಿದ್ದು «60ರದ್ದು ಎರಡು ರೋಲ್» ಅಂತ ಅಲ್ವಾ? ಬಿಲ್ಲಿಂಗ್ ಟೇಬಲ್‌ನಲ್ಲಿ ಕೂತ ಹುಡುಗ ಚೀಟಿ ನೋಡದೆ ಆರ್ಡರಿನ ಮೀಟರನ್ನೇ ಹೊಡೆದಿರುತ್ತಾನೆ. ಸೀಸನ್‌ನಲ್ಲಿ ಇದು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಬೇಕಂತಲೇ ಮಾಡುವವರೂ ಇದ್ದಾರೆ, ಆದರೆ ಎರಡನ್ನೂ ಹೊರಗಿನಿಂದ ನೋಡಿ ಬೇರೆ ಮಾಡೋಕೆ ಆಗಲ್ಲ. ಹಾಗಾಗಿ «ಮೋಸ» ಅನ್ನುವ ಪದ ಪತ್ರದಿಂದ ತೆಗೆಯಿರಿ. ಅದು ಇದ್ದರೆ ಅವರು ಅದಕ್ಕೇ ಉತ್ತರ ಕೊಡ್ತಾ ಕೂರ್ತಾರೆ, ಮೀಟರಿನ ಮಾತು ಹಿಂದೆ ಹೋಗುತ್ತೆ.

ಈಗ ಬಟ್ಟೆ ಅಳೆಯಿರಿ. ಚೀಟಿ ಒಂದೇ ಸಾಲಲ್ಲ, «ಅದು ಬೇರೆ ರೋಲಿನ ಚೀಟಿ» ಅಂದುಬಿಡಬಹುದು. ಕೊರಳಿಗೆ ಹಾಕಿಕೊಳ್ಳುವ ಟೇಪು ಬೇಡ. ಹಳೇ ಟೇಪು ಜಗ್ಗಿ ಉದ್ದ ಆಗಿರುತ್ತೆ, ಜಗ್ಗಿದ ಟೇಪಲ್ಲಿ ಅಳೆದರೆ ಸರಿ ಇರುವ ಬಟ್ಟೆಯೂ ಕಡಿಮೆ ತೋರಿಸುತ್ತೆ. 150 ಸೆಂಟಿಮೀಟರಿನಲ್ಲಿ ಒಂದೂವರೆ ಸೆಂಟಿಮೀಟರ್ ಜಗ್ಗಿದ್ದರೆ 60 ಮೀಟರಿಗೆ ಅರ್ಧ ಮೀಟರಿಗೂ ಮೇಲೆ ವ್ಯತ್ಯಾಸ. ಮರಗೆಲಸದವರ ಸ್ಟೀಲ್ ಟೇಪು ತನ್ನಿ, ಕಟಿಂಗ್ ಟೇಬಲ್ ಮೇಲೆ ಎರಡು ಮೀಟರಿಗೆ ಸರಿಯಾಗಿ ಎರಡು ಗೆರೆ ಹಾಕಿ. ಬಟ್ಟೆಯನ್ನು ಎಳೆಯದೆ, ಸಡಿಲವಾಗಿ ಹಾಸಿ, ಪ್ರತಿ ಎರಡು ಮೀಟರಿಗೆ ಅಂಚಿನಲ್ಲಿ ಚಾಕ್ ಗುರುತು. ಒಬ್ಬರು ಹಾಸಲಿ, ಇನ್ನೊಬ್ಬರು ಬರೆಯಲಿ. ಚೀಟಿ, ಕವರ್ ಬಿಚ್ಚೋದು, ಮೊದಲ ಗುರುತು, ಕೊನೆಯ ಗುರುತು, ಎಲ್ಲ ಒಂದೇ ವಿಡಿಯೋದಲ್ಲಿ ಬರಲಿ. ಪ್ರತಿ ಸಲ 3 ಮಿಲಿಮೀಟರ್ ತಪ್ಪಿದರೂ 30 ಸಲಕ್ಕೆ 9 ಸೆಂಟಿಮೀಟರ್ ಆಗುತ್ತೆ, ಅಷ್ಟೇ. ಎರಡು ಮುಕ್ಕಾಲು ಮೀಟರ್ ಕೊರತೆಯನ್ನು ಅದು ಮುಚ್ಚಲ್ಲ.

ಕಡೂರು_ಥಾನು

ರೋಲ್ ಆದ್ದರಿಂದ ಚೀಟಿ ಕೂಡಿಸಿ ಗೊತ್ತಾಯ್ತು. ನಮಗೆ ಬರೋದು ಮಡಿಚಿದ ಥಾನು. ಅದರಲ್ಲಿ ಮಡಿಕೆ ಎಣಿಸಿ ಮೀಟರ್ ಅಂತಾರೆ. ಒಂದು ಮಡಿಕೆ ಅಳೆದು ನೋಡಿದೆ, 98 ಸೆಂಟಿಮೀಟರ್ ಇದೆ! ಇದೂ ಕಡಿಮೆನೇ ಅಲ್ವಾ?

ಗೋಡೌನ್_ಹಳಬ

ಹೌದು. 50 ಮಡಿಕೆಗೆ 49 ಮೀಟರ್. ಒಂದೇ ಮಡಿಕೆ ನೋಡಬೇಡಿ, ಮೇಲೆ, ನಡುವೆ, ಕೆಳಗೆ ನಾಲ್ಕೈದು ಮಡಿಕೆ ಅಳೆಯಿರಿ. ಎಲ್ಲವೂ 98 ಇದ್ದರೆ ಮಡಿಚುವ ಮಷೀನೇ ಹಾಗೆ. ಆಗ ಆ ಅಂಗಡಿಯಿಂದ ಬರುವ ಪ್ರತಿ ಥಾನೂ ಅಷ್ಟೇ.

ಹಾಸನ_ಹೊಲಿಗೆ

ಅಳೆದೆವು. ಯಜಮಾನರು ಹಾಸಿದರು, ನಾನು ಬರೆದೆ, ಹುಡುಗ ವಿಡಿಯೋ ಮಾಡಿದ. ಮೊದಲ ಪೀಸ್ ಹತ್ತೊಂಬತ್ತು ಸಲ ಎರಡೆರಡು ಮೀಟರ್, ಮೇಲೆ 36 ಸೆಂಟಿಮೀಟರ್. ಎರಡನೇದು ಒಂಬತ್ತು ಸಲ, ಮೇಲೆ 89 ಸೆಂಟಿಮೀಟರ್. ಒಟ್ಟು 57.25. ಅಂಚಿನಲ್ಲಿ ದಾರ, ಸ್ಟಿಕ್ಕರ್ ಎಲ್ಲೂ ಇಲ್ಲ. ಚೀಟಿಯಲ್ಲಿದ್ದಷ್ಟೇ ಇದೆ ಅಂತ ಈಗ ನನಗೆ ಧೈರ್ಯ ಬಂತು.

ಆದರೆ ಮೊದಲ ರೋಲಿನ ಚೀಟಿ ಕವರ್ ಜೊತೆ ಹೋಗಿದೆ. ಅದರದ್ದು ಏನು ಮಾಡಲಿ? ಬಿಲ್ಲಿನ ಕೆಳಗೆ «ಕತ್ತರಿಸಿದ ಬಟ್ಟೆಗೆ ಯಾವುದೇ ದೂರು ಸ್ವೀಕರಿಸುವುದಿಲ್ಲ» ಅಂತ ಬೇರೆ ಅಚ್ಚು ಹಾಕಿದ್ದಾರೆ.

ಅರಸೀಕೆರೆ_ಲೆಕ್ಕ

ನಾನು ಅಕೌಂಟ್ಸ್ ಕೆಲಸ ಮಾಡುವವನು. ಅಂಗಡಿಯವರು ಆ ಸಾಲು ಹಾಕೋದು ಬಣ್ಣ, ಡ್ಯಾಮೇಜ್ ದೂರಿಗೆ, ಕತ್ತರಿಸಿದ ಮೇಲೆ ವಾಪಸ್ ತಗೊಳ್ಳಲ್ಲ ಅಂತ. ನೀವು ವಾಪಸ್ ಕೊಡ್ತಿಲ್ಲ, ಬರದೇ ಇರುವ ಬಟ್ಟೆಗೆ ದುಡ್ಡು ಕೊಡಲ್ಲ ಅಂತಿದ್ದೀರಿ. 1930ರ ಸರಕು ಮಾರಾಟ ಕಾಯ್ದೆಯ 37ನೇ ಸೆಕ್ಷನ್ ಹೇಳೋದೂ ಇದನ್ನೇ: ಒಪ್ಪಿದ್ದಕ್ಕಿಂತ ಕಡಿಮೆ ಮಾಲು ಬಂದರೆ ಬೇಡ ಅನ್ನಬಹುದು, ಇಟ್ಟುಕೊಂಡರೆ ಬಂದಷ್ಟಕ್ಕೆ ಒಪ್ಪಿದ ರೇಟಿನಲ್ಲಿ ಕೊಡಬೇಕು. ಆದರೆ ಎಷ್ಟು ಬಂತು ಅಂತ ತೋರಿಸುವ ಹೊಣೆ ನಿಮ್ಮ ಮೇಲೆ ಬರುತ್ತೆ. ಕತ್ತರಿಸಿದ ರೋಲಿನಲ್ಲಿ ಕಷ್ಟ ಇರೋದು ಅಲ್ಲೇ.

ಇನ್ನೊಂದು ಮುಖ್ಯ ವಿಷಯ. «ಮುಂದಿನ ಆರ್ಡರಲ್ಲಿ ಅಡ್ಜಸ್ಟ್ ಮಾಡ್ತೀವಿ» ಅಂದರೆ ಒಪ್ಪಬೇಡಿ, ಕ್ರೆಡಿಟ್ ನೋಟ್ ಕೇಳಿ. ನಿಮಗೆ ಜಿಎಸ್‌ಟಿ ನಂಬರ್ ಇದೆಯಾ?

ಹಾಸನ_ಹೊಲಿಗೆ

ಇಲ್ಲ.

ಅರಸೀಕೆರೆ_ಲೆಕ್ಕ

ಹಾಗಾದರೆ ಆ 5% ನಿಮಗೆ ಎಲ್ಲೂ ವಾಪಸ್ ಬರಲ್ಲ, ಅದು ನಿಮ್ಮ ಕೈಯಿಂದ ಹೋದ ದುಡ್ಡು. ಟ್ಯಾಕ್ಸ್ ಸೇರಿಸಿಯೇ ಕೇಳಿ. 60ರಲ್ಲಿ 57.30 ಕಳೆದರೆ 2.70 ಮೀಟರ್. 180ರಂತೆ 486 ರೂಪಾಯಿ, ಟ್ಯಾಕ್ಸ್ 24.30, ಒಟ್ಟು 510.30. ನಿಮ್ಮ ಅಳತೆಯ 57.25 ಹಿಡಿಯಬೇಡಿ, ಅವರದೇ ಚೀಟಿಯ 57.30 ಹಿಡಿಯಿರಿ. ಐದು ಸೆಂಟಿಮೀಟರ್ ಬಿಟ್ಟರೆ ಜಗಳಕ್ಕೆ ಜಾಗವೇ ಇರಲ್ಲ. ಬಾಕಿ 10,680ರಲ್ಲಿ ಇದನ್ನು ಕಳೆದು 10,169.70 ಕೊಡ್ತೀವಿ ಅಂತ ಬರೆಯಿರಿ. ಪೂರ್ತಿ ಬಾಕಿ ತಡೆದರೆ ದುಡ್ಡು ಕೊಡದವರು ನೀವು ಅಂತ ಆಗುತ್ತೆ.

ಚಿಕ್ಕಮಗಳೂರು_ನೇರನುಡಿ

510 ರೂಪಾಯಿಗೆ ಇಷ್ಟೊಂದಾ? ಮೂರು ಪ್ಯಾಂಟಿನ ಹೊಲಿಗೆ ಕೂಲಿ ಹೋಯಿತು, ಶೇಡ್ ಹುಡುಕಿಕೊಂಡು ಓಡಾಡಿದ್ದು ಹೋಯಿತು, ಅದನ್ನೂ ಕೇಳಬೇಕು. ಗ್ರಾಹಕರ ಆಯೋಗಕ್ಕೆ ಹೋದರೆ ಪರಿಹಾರವೂ ಸಿಗುತ್ತೆ.

ಅರಸೀಕೆರೆ_ಲೆಕ್ಕ

ಆಯೋಗದಲ್ಲಿ ಮೊದಲ ಪ್ರಶ್ನೆಯೇ ನೀವು ಗ್ರಾಹಕರಾ ಅಂತ. ವ್ಯಾಪಾರಕ್ಕೆ ಕೊಂಡಿದ್ದು ಬರಲ್ಲ. 2019ರ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಕೊಂಡವರಿಗೆ ವಿನಾಯಿತಿ ಇದೆ. ಗಂಡ ಹೆಂಡತಿ ಒಬ್ಬ ಹುಡುಗ ಇರುವ ಅಂಗಡಿ ಅದರೊಳಗೆ ಬರುತ್ತೆ ಅಂತ ನನ್ನ ಅನಿಸಿಕೆ, ಎದುರಿನ ವಕೀಲರು ಬರಲ್ಲ ಅಂತಲೇ ವಾದ ಮಾಡ್ತಾರೆ.

ಚಿಕ್ಕಮಗಳೂರು_ನೇರನುಡಿ

ಬಟ್ಟೆ ಮಾರೋಕೆ ತಂದಿದ್ದಲ್ಲ, ಹೊಲಿಯೋಕೆ ತಂದಿದ್ದು. ನನಗಂತೂ ಅದು ಖಂಡಿತ ಒಳಗೆ ಬರುತ್ತೆ ಅನ್ಸುತ್ತೆ. ಇರಲಿ, ಪತ್ರ ಹಾಕಿ ನೋಡಿ.

ಗೋಡೌನ್_ಹಳಬ

ಕೂಲಿ ನಷ್ಟ ಈ ಪತ್ರದಲ್ಲಿ ಬೇಡ. ಒಂದೇ ಪತ್ರದಲ್ಲಿ ಎಲ್ಲ ತುಂಬಿದರೆ ಗಟ್ಟಿಯಾಗಿರುವುದೂ ಸಡಿಲ ಆಗುತ್ತೆ. ಮೊದಲ ರೋಲಿಗೆ ದುಡ್ಡು ಕೇಳಬೇಡಿ, ದಾಖಲೆ ಕೇಳಿ. ಗೋಡೌನಿನಲ್ಲಿ ಪ್ಯಾಕಿಂಗ್ ಲಿಸ್ಟ್ ಇರುತ್ತೆ, ಪ್ರತಿ ರೋಲಿನ ಎದುರು ಮೀಟರ್ ಬರೆದಿರುತ್ತೆ. ಅದನ್ನು ತೋರಿಸಿ ಅಂದರೆ ಇಲ್ಲ ಅನ್ನೋಕೆ ಕಾರಣ ಬೇಕು ಅವರಿಗೆ. ಹೀಗೆ ಬರೆಯಿರಿ, ನಿಮ್ಮ ಮಾತಿಗೆ ಹೊಂದಿಸಿಕೊಳ್ಳಿ:

«ಮಾನ್ಯರೇ,

ವಿಷಯ: ಬಿಲ್ಲಿಗಿಂತ ಕಡಿಮೆ ಉದ್ದದ ರೋಲ್ ಬಂದಿರುವ ಬಗ್ಗೆ.

ನಿಮ್ಮ ಬಿಲ್ ನಂಬರ್ ____, ದಿನಾಂಕ ____ ರಂತೆ ನೇವಿ ಬ್ಲೂ ಪ್ಯಾಂಟ್ ಬಟ್ಟೆ, 58 ಇಂಚು ಪನ್ನ, ಎರಡು ರೋಲ್ ನಮಗೆ ಬಂದಿವೆ. ಬಿಲ್ಲಿನಲ್ಲಿ ತಲಾ 60 ಮೀಟರ್ ಎಂದಿದೆ.

ಲಾಟ್ ನಂಬರ್ ____ ಇರುವ ಎರಡನೇ ರೋಲಿನಲ್ಲಿ ಎರಡು ಪೀಸ್ ಇವೆ. ಅದರೊಳಗಿನ ಚೀಟಿಯಲ್ಲಿ 38.40 ಮತ್ತು 18.90, ಒಟ್ಟು 57.30 ಮೀಟರ್ ಎಂದು ಬರೆದಿದೆ. ಸ್ಟೀಲ್ ಟೇಪಿನಲ್ಲಿ ಅಳೆದಾಗ ನಮಗೂ ಅಷ್ಟೇ ಬಂದಿದೆ. ಚೀಟಿಯ ಫೋಟೋ, ಅಳೆದ ವಿಡಿಯೋ ಕಳಿಸಿದ್ದೇವೆ. ಈ ರೋಲನ್ನು ಕತ್ತರಿಸಿಲ್ಲ. ನಿಮ್ಮವರು ಒಂದು ವಾರದೊಳಗೆ ಬಂದು ಅಳೆದು ನೋಡಬಹುದು. ಆಮೇಲೆ ಯೂನಿಫಾರಂಗೆ ಕತ್ತರಿಸಲೇಬೇಕಾಗುತ್ತದೆ.

2.70 ಮೀಟರಿಗೆ 486 ರೂ., ಜಿಎಸ್‌ಟಿ 24.30 ರೂ., ಒಟ್ಟು 510.30 ರೂ.ಗೆ ಕ್ರೆಡಿಟ್ ನೋಟ್ ಕೊಡಬೇಕು. ಅದು ಬಂದ ದಿನವೇ ಉಳಿದ ಬಾಕಿ 10,169.70 ರೂ. ಕಳಿಸುತ್ತೇವೆ.

ಮೊದಲ ರೋಲಿನಲ್ಲೂ ಕಟಿಂಗ್ ವೇಳೆ ಬಟ್ಟೆ ಕಡಿಮೆ ಬಂದಿದೆ. ಆ ರೋಲಿನ ಮೀಟರ್ ಇರುವ ನಿಮ್ಮ ಪ್ಯಾಕಿಂಗ್ ಲಿಸ್ಟಿನ ಪ್ರತಿ ಕಳಿಸಿ. ಅದನ್ನು ನೋಡಿ ಅದರ ಲೆಕ್ಕ ಮುಗಿಸೋಣ.»

ವಾಟ್ಸಾಪ್‌ನಲ್ಲಿ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಅಳತೆ ಇಲಾಖೆಯ ಮಾತು ಈಗ ಎತ್ತಬೇಡಿ. ವಾರ ಕಳೆದರೂ ಉತ್ತರ ಇಲ್ಲ ಅಂದರೆ ಈ ಪತ್ರದ ಪ್ರತಿಯನ್ನೇ ದೂರಿಗೆ ಲಗತ್ತಿಸಿದರೆ ಆಯಿತು. ಆಗ ಆ ತಮ್ಮ ಹೇಳಿದ ದಾರಿ ಸರಿ.

ಹಾಸನ_ಹೊಲಿಗೆ

ಸಾರ್, ನಿಮಗೆ ಎಷ್ಟು ಹೇಳಿದರೂ ಕಡಿಮೆ. ಹೀಗೇ ಕಳಿಸಿದೆ. ಕೊನೆಯಲ್ಲಿ ಒಂದು ಸಾಲು ನಾನೇ ಸೇರಿಸಿದೆ, «ಉಳಿದ ಮಕ್ಕಳ ಪ್ಯಾಂಟಿಗೆ ಇದೇ ಲಾಟಿನ ಬಟ್ಟೆ ನಾಲ್ಕು ಮೀಟರ್ ಇದ್ದರೆ ಬೇರೆ ಬಿಲ್ ಮಾಡಿ ಕಳಿಸಿ» ಅಂತ. ಮಕ್ಕಳ ಕೆಲಸ ನಿಲ್ಲಬಾರದು ಅಲ್ವಾ.

ಮೂಡಿಗೆರೆ_ದರ್ಜಿ

ಒಳ್ಳೇದು ಮಾಡಿದಿರಿ ಅಕ್ಕ. ಲಾಟ್ ಬದಲಾದರೆ ನೇವಿ ಬ್ಲೂ ಕೂಡ ಬಿಸಿಲಲ್ಲಿ ಬೇರೆ ಕಾಣುತ್ತೆ.

ಹಾಸನ_ಹೊಲಿಗೆ

ಉತ್ತರ ಬಂತು. ಈ ಸಲ ಮಾತಾಡಿದ್ದು ಅಂಗಡಿ ಯಜಮಾನರೇ. ಚೀಟಿ ಫೋಟೋ ನೋಡಿ ವಾದ ಮಾಡಲಿಲ್ಲ, ಯಾರನ್ನೂ ಅಳೆಯೋಕೂ ಕಳಿಸಲಿಲ್ಲ. 510.30ಕ್ಕೆ ಕ್ರೆಡಿಟ್ ನೋಟ್ ಕಳಿಸಿದ್ದಾರೆ, ನಾವು ಬಾಕಿ ಹಾಕಿದ್ದೇವೆ. ಅದೇ ಲಾಟಿನ ನಾಲ್ಕು ಮೀಟರ್ ಬಟ್ಟೆ ಪಾರ್ಸೆಲ್ ಹಾಕಿದ್ದಾರಂತೆ. ಮೊದಲ ರೋಲಿನ ಬಗ್ಗೆ ಮಾತ್ರ «ಲಿಸ್ಟ್ ಹುಡುಕಿಸ್ತೀನಿ» ಅಂದಿದ್ದಾರೆ, ಇನ್ನೂ ಬಂದಿಲ್ಲ.

ಗೋಡೌನ್_ಹಳಬ

ಕ್ರೆಡಿಟ್ ನೋಟಿನಲ್ಲಿ ನಿಮ್ಮ ಬಿಲ್ ನಂಬರ್ ನಮೂದಾಗಿದೆಯಾ ನೋಡಿಕೊಳ್ಳಿ. ಲಿಸ್ಟಿಗೆ ಇನ್ನೊಂದು ಸಲ ಬರೆದು ಕೇಳಿ, ಫೋನ್ ಬೇಡ. ಆ ನಾಲ್ಕು ಮೀಟರ್ ಬಂದಾಗ ಪಾರ್ಸೆಲ್ ಬಿಚ್ಚಿದ ಕೂಡಲೇ ಅಳೆಯಿರಿ.

ಕಡೂರು_ಥಾನು

ಸಾರ್, ನಾನು ನಾಲ್ಕು ಮಡಿಕೆ ಅಳೆದೆ. ಎರಡು 98, ಒಂದು 99, ಒಂದು ಸರಿಯಾಗಿ 100. ಇದಕ್ಕೆ ಏನಂತ ಪತ್ರ ಬರೆಯೋದು?

ಗೋಡೌನ್_ಹಳಬ

ಈಗಲೇ ಬರೆಯಬೇಡಿ. ಥಾನು ಪೂರ್ತಿ ಬಿಚ್ಚಿ ಟೇಬಲ್ ಮೇಲೆ ಹಾಸಿ ಅಳೆಯಿರಿ, ಎಷ್ಟು ಬಂತು ಅಂತ ಇಲ್ಲಿ ಹಾಕಿ. ಆಮೇಲೆ ನೋಡೋಣ.